ಅಜ್ಜಿಯ ಪಾಸ್‌ಬುಕ್ಕಿನಲ್ಲಿ ಹತ್ತು ಸಾವಿರ: ಉಳಿಸಿದವರಿಗೇ ಯಾಕೆ ಪಿಂಚಣಿ ಇಲ್ಲ?

1/8

ಫೋಟೋದಲ್ಲಿ ಕಾಣ್ತಿರೋದು ಪಾಸ್‌ಬುಕ್. ಪ್ಲಾಸ್ಟಿಕ್ ಕವರಿನೊಳಗೆ, ಅದರ ಮೇಲೊಂದು ರಬ್ಬರ್ ಬ್ಯಾಂಡು. ನಿಮ್ಮ ಮನೆಯ ಹಿರಿಯರ ಟ್ರಂಕಿನಲ್ಲೂ ಇಂಥದ್ದೊಂದು ಇರುತ್ತೆ. ಈ ಸರಣಿಯಲ್ಲಿ ಈ ಸಲ ಮಾತಾಡಬೇಕಿರೋದು ಈ ಪುಸ್ತಕದ ಕೊನೇ ಕಾಲಮ್ಮಿನ ಬಗ್ಗೆ. ಆ ಕಾಲಮ್ಮಿನ ಅಂಕಿ ದೊಡ್ಡದಾದರೆ ಸರ್ಕಾರದ ಲೆಕ್ಕದಲ್ಲಿ ಅಜ್ಜಿ ಬಡವಳಲ್ಲ.

ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆ ನಿಮಗೆ ಗೊತ್ತೇ ಇದೆ. 2007ರಲ್ಲಿ ಶುರುವಾಯ್ತು. 65 ವರ್ಷ ದಾಟಿದ ಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು, ಮೀನುಗಾರರು, ಅಸಂಘಟಿತ ವಲಯದ ಕೆಲಸಗಾರರಿಗೆ ತಿಂಗಳಿಗೊಂದು ಪಿಂಚಣಿ. ಮೊದಲು 400 ರೂಪಾಯಿ ಇತ್ತು, ಈಗ 1,200. ಇದು ಎಲ್ಲರಿಗೂ ಕೊಡೋ ದುಡ್ಡಲ್ಲ, ಕೈಯಲ್ಲಿ ಏನೂ ಇಲ್ಲದವರಿಗೆ ಮಾತ್ರ. ಅದರಲ್ಲಿ ತಪ್ಪೇನೂ ಇಲ್ಲ ಅಂತ ಮೇಲ್ನೋಟಕ್ಕೆ ಅನ್ನಿಸುತ್ತೆ. ಆದರೆ "ಏನೂ ಇಲ್ಲ" ಅನ್ನೋದನ್ನ ಅಳೆಯೋದು ಹೇಗೆ?

ಅಳೆಯೋಕೆ ಮೂರು ಕೋಲು ಇವೆ. ಒಂದು, ಅರ್ಜಿ ಹಾಕಿದವರು ಮತ್ತು ಅವರ ಗಂಡ ಅಥವಾ ಹೆಂಡತಿ ಇಬ್ಬರ ಸೇರಿದ ವಾರ್ಷಿಕ ಆದಾಯ. ಶುರುವಿನಲ್ಲಿ ಮಿತಿ 20,000 ಇತ್ತು, ಈಗ 32,000. ಎರಡು, ಇಬ್ಬರ ಹೆಸರಿನಲ್ಲಿರೋ ಠೇವಣಿ ಸೇರಿ 10,000 ರೂಪಾಯಿ ದಾಟಬಾರದು. ಮೂರು, ಬೇರೆ ಯಾವ ಪಿಂಚಣಿಯೂ ಬರ್ತಿರಬಾರದು, ಅದು ಸರ್ಕಾರದ್ದಾಗಲಿ ಖಾಸಗಿಯದ್ದಾಗಲಿ.

ಈ ಮೂರರಲ್ಲಿ ನನ್ನನ್ನ ಹೆಚ್ಚು ಕಾಡೋದು ಎರಡನೇದು ಮತ್ತು ಮೂರನೇದು. ಮೊದಲನೇದು ಕಾಡಲ್ಲ ಅಂತಲ್ಲ, ಅದರ ಕಥೆ ಬೇರೆ ಥರದ್ದು. ಅದಕ್ಕೂ ಬರ್ತೀನಿ.

2/8

ಹತ್ತು ಸಾವಿರದಿಂದ ಶುರು ಮಾಡೋಣ.

ಯೋಜನೆ ಬಂದ 2007ರಲ್ಲಿ ಹತ್ತು ಗ್ರಾಂ ಚಿನ್ನಕ್ಕೆ ಹೆಚ್ಚುಕಡಿಮೆ ಹತ್ತು ಸಾವಿರ ಇತ್ತು. 2024ರಲ್ಲಿ ಅದೇ ಹತ್ತು ಗ್ರಾಂ 70,000 ದಾಟಿತು. ಅಂದರೆ ಅಂದು ಈ ಮಿತಿ ಹಾಕಿದವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದು ಒಂದು ತೆಳ್ಳನೆ ಸರದ ಬೆಲೆಯಷ್ಟು ಉಳಿತಾಯ. ಅಷ್ಟಿದ್ದರೂ ಪರವಾಗಿಲ್ಲ, ಪಿಂಚಣಿ ಕೊಡೋಣ ಅಂತ. ಇವತ್ತು ಆ ದುಡ್ಡಿಗೆ ಒಂದು ಜೊತೆ ಸಣ್ಣ ಓಲೆ ಬಂದರೆ ಹೆಚ್ಚು.

ಪಿಂಚಣಿಯ ಮೊತ್ತ ಅಂದಿನಿಂದ ಮೂರು ಪಟ್ಟಾಗಿದೆ. ಆದಾಯದ ಮಿತಿಯೂ ಒಂದಿಷ್ಟು ಏರಿದೆ. ಠೇವಣಿ ಮಿತಿ ಮಾತ್ರ ನಿಂತಲ್ಲೇ ನಿಂತಿದೆ. ಇದರಿಂದ ಒಂದು ವಿಚಿತ್ರ ಹುಟ್ಟಿಕೊಂಡಿದೆ, ನೋಡಿ. 400 ರೂಪಾಯಿ ಪಿಂಚಣಿ ಇದ್ದ ಕಾಲದಲ್ಲಿ ಒಬ್ಬರು ಒಂದು ಪೈಸೆ ಮುಟ್ಟದೆ ಅಷ್ಟನ್ನೂ ಖಾತೆಯಲ್ಲೇ ಬಿಟ್ಟಿದ್ದರೂ ಹತ್ತು ಸಾವಿರ ಆಗೋಕೆ 25 ತಿಂಗಳು ಬೇಕಿತ್ತು. ಈಗ 1,200ರ ಲೆಕ್ಕದಲ್ಲಿ ಒಂಬತ್ತನೇ ತಿಂಗಳಿಗೇ 10,800. ಮಿತಿ ದಾಟಿತು. ಸರ್ಕಾರ ಕೊಟ್ಟ ಪಿಂಚಣಿಯನ್ನ ಖರ್ಚು ಮಾಡದೆ ಇಟ್ಟಿದ್ದಕ್ಕೇ ಆ ಪಿಂಚಣಿಗೆ ಅನರ್ಹ!

"ಅಯ್ಯೋ, ಯಾರು ಹಾಗೆ ಮುಟ್ಟದೆ ಇಡ್ತಾರೆ" ಅಂತೀರಾ? ಇಡ್ತಾರೆ. ಬ್ಯಾಂಕು ಹನ್ನೆರಡು ಕಿಲೋಮೀಟರ್ ದೂರ ಇದ್ದು, ಮಂಡಿ ನೋವಿದ್ದು, ಜೊತೆಗೆ ಕರ್ಕೊಂಡು ಹೋಗೋರು ಯುಗಾದಿಗೊಮ್ಮೆ ಬರೋ ಮಗಳು ಮಾತ್ರ ಆದರೆ ದುಡ್ಡು ತಾನಾಗೇ ಕೂತ್ಕೊಳ್ಳುತ್ತೆ.

ಇದರ ಮೇಲೆ 2023ರ ಆಗಸ್ಟಿನಿಂದ ಗೃಹಲಕ್ಷ್ಮಿಯ 2,000 ಸೇರಿಕೊಂಡಿದೆ. ಪಿಂಚಣಿ ಪಡೆಯೋ ಹೆಂಗಸರಿಗೂ ಗೃಹಲಕ್ಷ್ಮಿ ಕೊಡ್ತೀವಿ ಅಂತ ಸರ್ಕಾರವೇ ಹೇಳಿತು, ಒಳ್ಳೇದೇ ಆಯ್ತು. ಆದರೆ ಐದು ಕಂತು ಒಟ್ಟಿಗೆ ಕೂತರೆ ಅಲ್ಲೇ ಹತ್ತು ಸಾವಿರ. ಕಂತು ತಡವಾಗಿ, ಎರಡು ಮೂರು ತಿಂಗಳದ್ದು ಸಾಲಾಗಿ ಬಂದು ಬಿದ್ದಾಗ ಪಾಸ್‌ಬುಕ್ ಪ್ರಿಂಟ್ ಹಾಕಿಸಿ ನೋಡಿ. ಕೊನೇ ಕಾಲಮ್ಮು ಶ್ರೀಮಂತರ ಥರ ಕಾಣುತ್ತೆ. ಒಂದು ಕೈಯಿಂದ ಕೊಟ್ಟ ದುಡ್ಡನ್ನ ಇನ್ನೊಂದು ಕೈ "ನಿನ್ನ ಹತ್ರ ದುಡ್ಡಿದೆಯಲ್ಲ" ಅಂತ ತೋರಿಸೋ ಸ್ಥಿತಿ ಇದು.

3/8

ಹಿರಿಯರು ಯಾಕೆ ಉಳಿಸ್ತಾರೆ ಅಂತ ಯಾರಾದರೂ ಕೇಳಿದೀರಾ?

ನಾನು ನಮ್ಮ ಕಡೆ ಕೆಲವರಿಗೆ ಅರ್ಜಿ ತುಂಬಿಕೊಡ್ತೀನಿ, ಹಾಗಾಗಿ ಕೇಳಿ ಕೇಳಿ ಉತ್ತರ ಗೊತ್ತಿದೆ. ಟೂರಿಗಲ್ಲ, ಫ್ರಿಜ್ಜಿಗಲ್ಲ. "ನನ್ನ ಮಣ್ಣಿಗೆ ಇಟ್ಕೊಂಡಿದೀನಪ್ಪ" ಅಂತಾರೆ. ತಾನು ಹೋದಾಗ ಚಟ್ಟ, ಬಟ್ಟೆ, ಗುಂಡಿ ತೋಡೋರ ಕೂಲಿ ಅಥವಾ ಸೌದೆ, ಹನ್ನೊಂದನೇ ದಿನದ ಊಟ, ಇದಕ್ಕೆಲ್ಲ ಮಕ್ಕಳು ಸಾಲ ಮಾಡಬಾರದು ಅಂತ. ಇನ್ನು ಕೆಲವರದ್ದು ಆಸ್ಪತ್ರೆ ದುಡ್ಡು. ಆಯುಷ್ಮಾನ್ ಕಾರ್ಡಿದ್ದರೂ ಊರಿಂದ ಜಿಲ್ಲಾಸ್ಪತ್ರೆಗೆ ಹೋಗೋ ಆಟೋ, ಜೊತೆಗೆ ಬಂದವರ ಊಟ, ಹೊರಗಡೆ ಬರೆದುಕೊಟ್ಟ ಮಾತ್ರೆ, ಇವು ಯಾವ ಕಾರ್ಡಿನಲ್ಲೂ ಬರಲ್ಲ.

ಹೀಗೆ ಹದಿನೈದೋ ಇಪ್ಪತ್ತೋ ಸಾವಿರ ಎಫ್‌ಡಿ ಇಟ್ಟ ಮುದುಕಿಯನ್ನ ಈ ನಿಯಮ ಉಳ್ಳವರ ಸಾಲಿಗೆ ಸೇರಿಸುತ್ತೆ. ಇಪ್ಪತ್ತು ಸಾವಿರದ ಎಫ್‌ಡಿಗೆ ವರ್ಷಕ್ಕೆ ಶೇಕಡಾ ಏಳರಂತೆ ಬಡ್ಡಿ ಹಿಡಿದರೂ 1,400 ರೂಪಾಯಿ. ಕೈ ತಪ್ಪೋ ಪಿಂಚಣಿ ವರ್ಷಕ್ಕೆ 14,400. ಹತ್ತು ಪಟ್ಟಿಗಿಂತ ಜಾಸ್ತಿ.

ಅಮೆರಿಕದಲ್ಲಿ ಎಸ್‌ಎಸ್‌ಐ ಅಂತ ಬಡ ವೃದ್ಧರಿಗೊಂದು ನೆರವಿದೆ. ಅಲ್ಲೂ ಉಳಿತಾಯದ ಮಿತಿ ಒಂಟಿ ವ್ಯಕ್ತಿಗೆ 2,000 ಡಾಲರ್, ಅದೂ 1989ರಿಂದ ಕದಲಿಲ್ಲ. ಆ ದೇಶದವರೂ ಅದನ್ನ ಬೈತಾರೆ. ಆದರೆ ಅಷ್ಟು ಬಿಗಿಯಾದ ನಿಯಮದಲ್ಲೂ ಸ್ವಂತ ಅಂತ್ಯಕ್ರಿಯೆಗೆ ಅಂತ ಬೇರೆ ತೆಗೆದಿಟ್ಟ 1,500 ಡಾಲರ್‌ವರೆಗಿನ ದುಡ್ಡನ್ನ ಲೆಕ್ಕಕ್ಕೆ ಹಿಡಿಯಲ್ಲ. ಮಣ್ಣಿನ ದುಡ್ಡು ಅನ್ನೋದು ಅವರಿಗೂ ಅರ್ಥವಾಗಿದೆ ಅಂತಾಯ್ತಲ್ಲ. ನಮ್ಮ ಹಳ್ಳಿಯ ಅಜ್ಜಿಯರ ಮನಸ್ಸು ಬಲ್ಲ ನಮ್ಮ ನಿಯಮದಲ್ಲಿ ಅಂಥ ಒಂದು ಸಾಲಿಗೆ ಜಾಗ ಇಲ್ಲ.

4/8

ಈಗ ಆದಾಯದ ಕಥೆ. ಒಂದು ಮನೆ ಕಲ್ಪಿಸಿಕೊಳ್ಳಿ. ಅಂಕಿಗಳು ಮಾತ್ರ ನಿಜದ್ದೇ.

ಅಜ್ಜನಿಗೆ 70, ಅಜ್ಜಿಗೆ 66. ಒಂದೆಕರೆ ಖುಷ್ಕಿ. ರಾಗಿ ಬೆಳೆದು, ಗೊಬ್ಬರ ಉಳುಮೆ ಎಲ್ಲ ಕಳೆದು ವರ್ಷಕ್ಕೆ 6,000 ಉಳಿಯಿತು ಅಂದ್ಕೊಳ್ಳಿ. ಹಬ್ಬದ ಮುಂಚೆ ಎರಡು ಮೇಕೆ ಮಾರಿದ್ರು, 12,000. ಅಜ್ಜಿ ಇನ್ನೂ ಗಟ್ಟಿ, ನರೇಗಾ ಕೆಲಸಕ್ಕೆ ಹೋದಳು. 2024-25ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ. ನಲವತ್ತು ದಿನ ಕೆಲಸ, 13,960. ಮೂರೂ ಸೇರಿಸಿ: 31,960. ಮಿತಿಗಿಂತ ನಲವತ್ತು ರೂಪಾಯಿ ಕಡಿಮೆ. ಅರ್ಹರು!

ಮೇಟಿ ಬಂದು "ಅಜ್ಜಿ, ಕೆರೆ ಹೂಳು ಇನ್ನೊಂದು ದಿನದ್ದಿದೆ, ಬಾ" ಅಂದ. ಅಜ್ಜಿ ಹೋದಳು. ನಲವತ್ತೊಂದನೇ ದಿನದ 349 ಸೇರಿ 32,309. ಮಿತಿ ದಾಟಿತು. ನಿಯಮವನ್ನ ಅಕ್ಷರಶಃ ಹಿಡಿದರೆ 349 ದುಡಿದಿದ್ದಕ್ಕೆ ಅಜ್ಜಿಯ ವರ್ಷದ 14,400 ಹೋಯ್ತು.

ಇನ್ನೂ ಒಂದು ಲೆಕ್ಕ ಮಾಡಿ. ನರೇಗಾ ಕಾಯ್ದೆ ಒಂದು ಕುಟುಂಬಕ್ಕೆ ವರ್ಷಕ್ಕೆ ನೂರು ದಿನದ ಕೆಲಸದ ಖಾತರಿ ಕೊಟ್ಟಿತ್ತು. ನೂರು ದಿನಕ್ಕೆ 34,900. ಅಂದರೆ ಕೇಂದ್ರ ಸರ್ಕಾರ ಕಡುಬಡವರಿಗೆ ಅಂತ ಕೊಟ್ಟ ಖಾತರಿಯನ್ನ ಒಂದು ವೃದ್ಧ ಜೋಡಿ ಪೂರ್ತಿ ಬಳಸಿಕೊಂಡರೆ, ಮೇಕೆ ರಾಗಿ ಏನೂ ಇಲ್ಲದಿದ್ದರೂ, ರಾಜ್ಯದ ಪಿಂಚಣಿಯ ಕಣ್ಣಿಗೆ ಅವರು ಬಡವರಲ್ಲ. ಇದೇ ರಾಜ್ಯದಲ್ಲಿ ಬಿಪಿಎಲ್ ಕಾರ್ಡಿಗೆ ಆದಾಯದ ಮಿತಿ ವರ್ಷಕ್ಕೆ 1,20,000. ಅಕ್ಕಿ ಕೊಡುವಾಗ ಬಡತನಕ್ಕೆ ಒಂದು ಅಳತೆ, ಪಿಂಚಣಿ ಕೊಡುವಾಗ ಅದರ ಕಾಲುಭಾಗಕ್ಕಿಂತ ಸ್ವಲ್ಪವೇ ಹೆಚ್ಚು.

5/8

ಇಲ್ಲಿ ನೀವು ಕೇಳಬಹುದು: ಹಳ್ಳಿಯಲ್ಲಿ ಯಾರು ಸ್ವಾಮಿ ನಲವತ್ತೊಂದನೇ ದಿನ ಎಣಿಸ್ತಾರೆ?

ಯಾರೂ ಎಣಿಸಲ್ಲ. ಅಲ್ಲೇ ಇರೋದು ಗುಟ್ಟು. ಪಿಂಚಣಿ ಅರ್ಜಿ ನಾಡಕಚೇರಿಗೆ ಹೋಗುತ್ತೆ. ಗ್ರಾಮ ಲೆಕ್ಕಿಗರು (ಈಗ ಅವರ ಹುದ್ದೆಗೆ ಗ್ರಾಮ ಆಡಳಿತ ಅಧಿಕಾರಿ ಅಂತ ಹೆಸರು) ವಿಚಾರಣೆ ಮಾಡ್ತಾರೆ, ಕಂದಾಯ ನಿರೀಕ್ಷಕರು ನೋಡ್ತಾರೆ. ಕೂಲಿ ಮಾಡೋರಿಗೆ ಸಂಬಳದ ಚೀಟಿ ಇಲ್ಲ. ಮೇಕೆ ಮಾರಿದ್ದಕ್ಕೆ ರಸೀದಿ ಇಲ್ಲ. ಹಾಗಾಗಿ ಆದಾಯ ಪ್ರಮಾಣ ಪತ್ರದಲ್ಲಿ ಬರೋದು ಒಂದು ಅಂದಾಜು. ಎಷ್ಟೋ ಪತ್ರಗಳಲ್ಲಿ ಹನ್ನೊಂದು ಸಾವಿರ, ಹದಿನಾಲ್ಕು ಸಾವಿರ ಅಂತಿರುತ್ತೆ. ವರ್ಷಕ್ಕೆ! ತಿಂಗಳಿಗೆ ಸಾವಿರ ರೂಪಾಯಿಯಲ್ಲಿ ಇಬ್ಬರು ಬದುಕ್ತಾರೆ ಅಂತ ಯಾರೂ ನಂಬಲ್ಲ. ಬರೆದವರೂ ನಂಬಲ್ಲ, ಓದಿದವರೂ ನಂಬಲ್ಲ. ಮಿತಿ ಅಷ್ಟು ಕೆಳಗಿರೋದರಿಂದ ಎಲ್ಲರೂ ಸೇರಿ ಕಣ್ಣು ಮುಚ್ಚಿಕೊಳ್ತಾರೆ, ಅಷ್ಟೇ.

ಒಂದು ರೀತಿಯಲ್ಲಿ ಅದು ಕರುಣೆಯೇ. ಆದರೆ ಕರುಣೆ ಇರೋ ಕಡೆ ಕೈ ಬಿಸಿ ಮಾಡೋದೂ ಇರುತ್ತೆ, "ನಮ್ಮವರು" "ಅವರ ಕಡೆಯವರು" ಅನ್ನೋದೂ ಇರುತ್ತೆ. ಅಜ್ಜಿ ಹಕ್ಕಿನಿಂದ ಪಡೀಬೇಕಾದ್ದನ್ನ ಉಪಕಾರ ಅಂತ ಪಡೀತಾಳೆ. ನಾಳೆ ಯಾರೋ ದೂರು ಕೊಟ್ಟರೆ, ಇಲ್ಲವೇ ಅನರ್ಹರನ್ನ ತೆಗೀತೀವಿ ಅಂತ ಮೇಲಿಂದ ಆದೇಶ ಬಂದರೆ, ಅಂದಾಜು ಬರೆದುಕೊಟ್ಟವರಿಗೆ ಏನೂ ಆಗಲ್ಲ. ಪಿಂಚಣಿ ನಿಲ್ಲೋದು ಅಜ್ಜಿಗೆ.

ಯಾರ ದುಡ್ಡು ಕಣ್ಣಿಗೆ ಬೀಳುತ್ತೆ, ಯಾರದ್ದು ಬೀಳಲ್ಲ ಅನ್ನೋದನ್ನ ಗಮನಿಸಿ. ಮನೆಯಲ್ಲಿ ಐವತ್ತು ಗ್ರಾಂ ಚಿನ್ನ ಇಟ್ಟವರದ್ದು ಠೇವಣಿಯಲ್ಲ. ಬಡ್ಡಿಗೆ ಕೈಸಾಲ ಕೊಟ್ಟವರದ್ದು ಯಾವ ಪುಸ್ತಕದಲ್ಲೂ ಇಲ್ಲ. ಚೀಟಿ ಹಾಕಿದವರದ್ದೂ ಇಲ್ಲ. ಕಾಣೋದು ಬ್ಯಾಂಕಿನಲ್ಲೋ ಪೋಸ್ಟ್ ಆಫೀಸಿನಲ್ಲೋ ಇಟ್ಟ ದುಡ್ಡು ಮತ್ತು ಪಿಎಫ್ ಕಚೇರಿಯಿಂದ ಬರೋ ಪಿಂಚಣಿ. ಅಂದರೆ "ಬ್ಯಾಂಕಿನಲ್ಲಿಡಿ, ಉಳಿಸಿ" ಅಂತ ನಾವೇ ಹೇಳಿಕೊಟ್ಟಿದ್ದನ್ನ ಮಾಡಿದವರೇ ಸಿಕ್ಕಿಬೀಳೋದು.

6/8

ಈಗ ಮೂರನೇ ಕೋಲು, ಬೇರೆ ಪಿಂಚಣಿ. ನನಗೆ ಅತಿ ಹೆಚ್ಚು ಸಿಟ್ಟು ಬರೋದು ಇಲ್ಲೇ.

ಬೀಡಿ ಕಟ್ಟಿದ ಒಬ್ಬ ಹೆಂಗಸು, ಇಲ್ಲಾ ಗಾರ್ಮೆಂಟ್ಸಿನಲ್ಲಿ ಹನ್ನೆರಡು ವರ್ಷ ಹೊಲಿದ ಒಬ್ಬರು. ಪಿಎಫ್ ಇತ್ತು. ಹತ್ತು ವರ್ಷ ಸೇವೆ ತುಂಬಿದ್ದಕ್ಕೆ ನೌಕರರ ಪಿಂಚಣಿ ಯೋಜನೆ, ಅಂದರೆ ಇಪಿಎಸ್-95, ಇದರಡಿ 58ಕ್ಕೆ ಪಿಂಚಣಿ ಶುರುವಾಯ್ತು. ಆ ಯೋಜನೆಯ ಕನಿಷ್ಠ ಪಿಂಚಣಿ 2014ರ ಸೆಪ್ಟೆಂಬರಿನಿಂದ ತಿಂಗಳಿಗೆ 1,000 ರೂಪಾಯಿ. ಸಂಬಳ ಕಡಿಮೆ ಇದ್ದವರಿಗೆ ಸಿಗೋದು ಅದೇ ಸಾವಿರ ಅಥವಾ ಅದರ ಆಸುಪಾಸು.

ಅವರ ಪಕ್ಕದ ಮನೆಯಲ್ಲಿ ಅಷ್ಟೇ ವಯಸ್ಸಿನ ಇನ್ನೊಬ್ಬರು ಇದ್ದಾರೆ ಅಂದ್ಕೊಳ್ಳಿ. ಜೀವನಪೂರ್ತಿ ಹೊಲದ ಕೂಲಿ, ಪಿಎಫ್ ಗಿಎಫ್ ಇಲ್ಲ. 65 ಆದಾಗ ಸಂಧ್ಯಾ ಸುರಕ್ಷಾ ಸಿಕ್ಕಿತು, 1,200.

ಪಿಎಫ್ ಇದ್ದವರಿಗೆ ಸಿಗಲ್ಲ. ಯಾಕೆ? "ನಿಮಗೆ ಆಗಲೇ ಪಿಂಚಣಿ ಬರ್ತಿದೆಯಲ್ಲ." ಬರ್ತಿರೋದು ಸಾವಿರ. ನಿರಾಕರಿಸಿದ್ದು ಸಾವಿರದ ಇನ್ನೂರು. ಅಂದರೆ ತಮ್ಮ ದುಡಿಮೆಯಿಂದ ಪಿಂಚಣಿ ಗಳಿಸಿಕೊಂಡ ತಪ್ಪಿಗೆ ತಿಂಗಳಿಗೆ 200, ವರ್ಷಕ್ಕೆ 2,400 ಕಡಿಮೆ. ಕೂಲಿ ಮಾಡಿದವರಿಗೆ ಸಿಕ್ಕಿದ್ದು ಜಾಸ್ತಿ ಅಂತ ನಾನು ಹೇಳ್ತಿಲ್ಲ, ಅವರಿಗೆ 1,200 ಸಾಲೋದೂ ಇಲ್ಲ. ಇಬ್ಬರಿಗೂ ಕನಿಷ್ಠ ಒಂದೇ ಮಟ್ಟ ಸಿಗಲಿ ಅನ್ನೋದಷ್ಟೇ. ವ್ಯತ್ಯಾಸದ 200 ಸೇರಿಸಿ ಕೊಟ್ಟರೂ ಸಾಕು, ಅನ್ಯಾಯದ ಮೊನೆ ಮುರಿಯುತ್ತೆ. ಆದರೆ ನಿಯಮದಲ್ಲಿ ಇರೋದು ಹೌದು ಅಥವಾ ಇಲ್ಲ, ನಡುವೆ ಏನೂ ಇಲ್ಲ.

ಇದು ಇವತ್ತಿನ ಮುದುಕರ ಸಮಸ್ಯೆ ಮಾತ್ರ ಅಂದ್ಕೋಬೇಡಿ. 2015ರಲ್ಲಿ ಅಟಲ್ ಪಿಂಚಣಿ ಯೋಜನೆ ಬಂತು. ಮನೆಗೆಲಸದವರು, ಆಟೋ ಓಡಿಸೋರು, ತರಕಾರಿ ಮಾರೋರು ಸೇರಿದ್ರು. ಆ ವರ್ಷ ನಲವತ್ತರ ವಯಸ್ಸಿನಲ್ಲಿ ಸೇರಿದವರು ಅರವತ್ತಾದ ಮೇಲೆ ತಿಂಗಳಿಗೆ 1,000 ಪಿಂಚಣಿ ಬೇಕು ಅಂದ್ರೆ ಇಪ್ಪತ್ತು ವರ್ಷ ತಿಂಗಳಿಗೆ 291 ಕಟ್ಟಬೇಕು. ಒಟ್ಟು 69,840. ಅವರಲ್ಲಿ ಮೊದಲಿಗರ ಕೈಗೆ ಪಿಂಚಣಿ ಬರೋದು 2035ಕ್ಕೆ. ಐದು ವರ್ಷ ಕಳೆದು 65 ಆದಾಗ ಸಂಧ್ಯಾ ಸುರಕ್ಷಾಕ್ಕೆ ಅರ್ಜಿ ಹಾಕಿದ್ರೆ? ನಿಯಮ ಈಗಿರೋ ಹಾಗೇ ಇದ್ದರೆ ಅದೂ "ಬೇರೆ ಪಿಂಚಣಿ"ಯೇ. ಎಪ್ಪತ್ತು ಸಾವಿರ ಕಟ್ಟಿ ಸಾವಿರ ಪಡೆದವರು, ಏನೂ ಕಟ್ಟದಿದ್ದರೆ ಅದಕ್ಕಿಂತ ಹೆಚ್ಚು ಪಡೀತಿದ್ರು ಅನ್ನೋ ಸ್ಥಿತಿ. ಇದು ಆ ಜನಕ್ಕೆ ಗೊತ್ತಾದ ದಿನ ಮುಂದಿನ ಪೀಳಿಗೆಯವರು ಯಾಕೆ ಕಟ್ತಾರೆ ಹೇಳಿ?

7/8

ಸರಿ, ಹಾಗಾದ್ರೆ ಎಲ್ಲರಿಗೂ ಕೊಟ್ಟುಬಿಡಬೇಕಾ? ಕಮೆಂಟಿನಲ್ಲಿ ಈ ಪ್ರಶ್ನೆ ಬಂದೇ ಬರುತ್ತೆ, ಹಾಗಾಗಿ ಈಗಲೇ ಹೇಳ್ತೀನಿ. ಇಲ್ಲ. ನಿವೃತ್ತ ಅಧಿಕಾರಿಗೂ ಎರಡು ಸೈಟಿರೋರಿಗೂ ಕೊಡಿ ಅಂತ ನಾನು ಹೇಳ್ತಿಲ್ಲ. ಖಜಾನೆ ಯಾರಪ್ಪನದ್ದೂ ಅಲ್ಲ. ಅಲ್ಲದೆ ವೃದ್ಧಾಪ್ಯ ವೇತನಕ್ಕೆ ಕೇಂದ್ರ ಕೊಡೋ ಪಾಲು 60ರಿಂದ 79 ವಯಸ್ಸಿನವರಿಗೆ ತಿಂಗಳಿಗೆ ಇನ್ನೂರೇ ರೂಪಾಯಿ, ಉಳಿದ ಭಾರ ರಾಜ್ಯದ್ದು. ಆ ಕಷ್ಟ ನಿಜ.

ಪ್ರಶ್ನೆ ಇರೋದು ಮಿತಿ ಬೇಕೋ ಬೇಡವೋ ಅನ್ನೋದರಲ್ಲಲ್ಲ. ಮಿತಿ ಕಡಿದಾದ ಬಂಡೆಯ ಹಾಗಿರಬೇಕೋ, ಇಳಿಜಾರಿನ ಹಾಗಿರಬೇಕೋ ಅನ್ನೋದರಲ್ಲಿ.

ಬ್ರಿಟನ್ನಿನಲ್ಲಿ ಬಡ ವೃದ್ಧರಿಗೆ ಪೆನ್ಷನ್ ಕ್ರೆಡಿಟ್ ಅಂತಿದೆ. ಅಲ್ಲಿ ಮೊದಲ 10,000 ಪೌಂಡ್ ಉಳಿತಾಯವನ್ನ ನೋಡೋದೇ ಇಲ್ಲ. ಅದರ ಮೇಲಿನ ಪ್ರತಿ 500 ಪೌಂಡಿಗೆ ವಾರಕ್ಕೆ ಒಂದು ಪೌಂಡ್ ಆದಾಯ ಇದೆ ಅಂತ ಲೆಕ್ಕ ಹಿಡಿದು ಅಷ್ಟನ್ನ ನೆರವಿನಿಂದ ಕಳೀತಾರೆ. 12,000 ಪೌಂಡ್ ಇದ್ದವರಿಗೆ ವಾರಕ್ಕೆ ನಾಲ್ಕು ಪೌಂಡ್ ಕಡಿಮೆ ಆಗುತ್ತೆ, ಪೂರ್ತಿ ನಿಲ್ಲಲ್ಲ. ಈ ಲೆಕ್ಕವೂ ಅಷ್ಟೇನು ಉದಾರ ಅಲ್ಲ. 500ಕ್ಕೆ ವಾರಕ್ಕೆ ಒಂದು ಅಂದ್ರೆ ವರ್ಷಕ್ಕೆ ಶೇಕಡಾ ಹತ್ತರ ಮೇಲಾಯ್ತು, ಅಷ್ಟು ಬಡ್ಡಿ ಯಾವ ಬ್ಯಾಂಕೂ ಕೊಡಲ್ಲ. ಆದರೂ ಒಂದು ಪೌಂಡ್ ಹೆಚ್ಚಾದ್ರೆ ಎಲ್ಲವೂ ಹೋಗೋ ಭಯ ಅಲ್ಲಿಲ್ಲ.

ಇದನ್ನೇ ನಮ್ಮ ಅಜ್ಜಿಯ ಮನೆಗೆ ತನ್ನಿ. ಮಿತಿ 32,000 ದಾಟಿದ ಪ್ರತಿ ಎರಡು ರೂಪಾಯಿಗೆ ಪಿಂಚಣಿಯಲ್ಲಿ ಒಂದು ರೂಪಾಯಿ ಕಳೀತೀವಿ ಅಂತಿಟ್ಟುಕೊಳ್ಳಿ. ಆದಾಯ 36,000 ಆಯ್ತು, ನಾಲ್ಕು ಸಾವಿರ ಹೆಚ್ಚು. ವರ್ಷದ 14,400ರಲ್ಲಿ ಎರಡು ಸಾವಿರ ಕಡಿಮೆಯಾಗಿ 12,400 ಸಿಗುತ್ತೆ. ದುಡಿದಿದ್ದೂ ಉಳಿಯಿತು, ಪಿಂಚಣಿಯೂ ಉಳಿಯಿತು. ಕಾಗದದ ಮೇಲೆ ಚೆನ್ನಾಗಿದೆ.

ಆದರೆ ಪ್ರಾಮಾಣಿಕವಾಗಿ ಹೇಳಬೇಕು, ನಮ್ಮಲ್ಲಿ ಇದು ನಡೆಯೋದು ಕಷ್ಟ. ಬ್ರಿಟನ್ನಿನ ವೃದ್ಧರ ಆದಾಯ ಬಹುಪಾಲು ದಾಖಲೆಯಲ್ಲಿದೆ. ಮೇಕೆ ಮಾರಿದ ದುಡ್ಡಿಗೆ ಇಳಿಜಾರು ಹಾಕೋಕೆ ಹೊರಟರೆ ಗ್ರಾಮ ಲೆಕ್ಕಿಗರಿಗೆ ಇನ್ನೊಂದು ಅಂದಾಜಿನ ಕೆಲಸ, ಅಜ್ಜಿಗೆ ಇನ್ನೊಂದು ಅಲೆದಾಟ. ಹಾಗಾಗಿ ನನ್ನ ವಾದ ಇನ್ನೂ ಸರಳ.

ಪಿಎಂ ಕಿಸಾನ್ ನೋಡಿ. ರೈತರಿಗೆ ವರ್ಷಕ್ಕೆ 6,000 ಕೊಡೋ ಆ ಯೋಜನೆ ಯಾರಿಗೆ ಕೊಡಬೇಕು ಅಂತ ಬಡತನ ಅಳೆಯೋಕೆ ಹೋಗಲ್ಲ. ಜಮೀನಿದ್ದವರಲ್ಲಿ ಯಾರಿಗೆ ಕೊಡಬಾರದು ಅಂತ ಹೇಳುತ್ತೆ: ಆದಾಯ ತೆರಿಗೆ ಕಟ್ಟೋರಿಗಿಲ್ಲ, ತಿಂಗಳಿಗೆ 10,000 ಅಥವಾ ಅದಕ್ಕಿಂತ ಹೆಚ್ಚು ಪಿಂಚಣಿ ಇರೋ ನಿವೃತ್ತರಿಗಿಲ್ಲ, ಹೀಗೆ. ಅಂದರೆ ತಿಂಗಳಿಗೆ ಹತ್ತು ಸಾವಿರದೊಳಗಿನ ಪಿಂಚಣಿ ಇದ್ದರೆ ಅದು ಅಡ್ಡಿಯಲ್ಲ ಅಂತ ಒಂದು ಯೋಜನೆಯಲ್ಲಿ ಆಗಲೇ ಒಪ್ಪಿಕೊಂಡಾಗಿದೆ. ಸಂಧ್ಯಾ ಸುರಕ್ಷಾದಲ್ಲಿ ಮಾತ್ರ ಸಾವಿರ ರೂಪಾಯಿ ಅಡ್ಡ ಬರೋದು ಯಾವ ನ್ಯಾಯ? ತೆರಿಗೆ ಕಟ್ಟೋರು, ಸರ್ಕಾರಿ ಪಿಂಚಣಿದಾರರು, ದೊಡ್ಡ ಹಿಡುವಳಿದಾರರು, ಇವರ ಪಟ್ಟಿ ಸರ್ಕಾರದ ಕಂಪ್ಯೂಟರಿನಲ್ಲೇ ಇದೆ. ಅವರನ್ನ ತೆಗೆದುಹಾಕಿ. ಉಳಿದವರಿಗೆ ಪಾಸ್‌ಬುಕ್ ತೆರೆಸಬೇಡಿ. ಅಷ್ಟು ಆಗೋ ತನಕ ಕಡೇಪಕ್ಷ ಠೇವಣಿ ಮಿತಿಯನ್ನ ಒಂದು ಲಕ್ಷಕ್ಕೆ ಏರಿಸಿ. ಒಂದು ಆದೇಶದ ಕೆಲಸ ಅದು.

8/8

ನಿಯಮ ಬದಲಾಗೋ ತನಕ ಮನೆಯಲ್ಲಿ ಏನು ಮಾಡೋದು? ನನ್ನನ್ನ ಅತಿ ಹೆಚ್ಚು ಕೇಳೋದು ಇದನ್ನೇ.

ಮೊದಲನೇದಾಗಿ, ಹೆದರಿ ಅಜ್ಜಿಯ ಎಫ್‌ಡಿ ಮುರಿಸಿ ಮಗನ ಹೆಸರಿಗೆ ಹಾಕಿಸಬೇಡಿ. ಈ ಸಲಹೆ ಊರಲ್ಲಿ ಧಾರಾಳವಾಗಿ ಸಿಗುತ್ತೆ. ಮಗನ ಹೆಸರಿಗೆ ಹೋದ ಕ್ಷಣ ಕಾಗದದಲ್ಲಿ ಅದು ಮಗನ ದುಡ್ಡು. ಅವನು ಒಳ್ಳೆಯವನೇ ಇರಬಹುದು, ಆದರೆ ಅವನ ಸಾಲಗಾರರು, ಅವನ ಕಷ್ಟಗಳು ಎಲ್ಲ ಆ ದುಡ್ಡಿಗೆ ಬಾಗಿಲು ತಟ್ಟುತ್ತವೆ. 1,200ರ ಆಸೆಗೆ ಮಣ್ಣಿನ ದುಡ್ಡು ಕಳ್ಕೊಂಡವರನ್ನ ನೋಡಿದೀನಿ. ಹಾಗೇ, ಇಲ್ಲದ್ದನ್ನ ಇಲ್ಲ ಅಂತ, ಇರೋದನ್ನ ಇದೆ ಅಂತಲೇ ಬರೆಸಿ. ಅರ್ಜಿಯಲ್ಲಿ ಹೆಬ್ಬೆಟ್ಟು ಒತ್ತೋದು ಅಜ್ಜಿ, ಸುಳ್ಳಾದ್ರೆ ಉತ್ತರ ಕೊಡಬೇಕಾದ್ದೂ ಅಜ್ಜಿಯೇ.

ಎರಡನೇದು, ಲೆಕ್ಕಕ್ಕೆ ಬರೋದು ಗಂಡ ಹೆಂಡತಿ ಇಬ್ಬರ ಆದಾಯ. ಬೆಂಗಳೂರಿನಲ್ಲಿ ಬೇರೆ ಇರೋ ಮಗನ ಸಂಬಳವನ್ನ ತಂದು ಸೇರಿಸಿ "ಮಿತಿ ಮೀರಿದೆ" ಅಂದ್ರೆ ಅಲ್ಲೇ ಕೇಳಿ, ನಿಯಮದ ಈ ಸಾಲನ್ನ ತೋರಿಸಿ ಅಂತ. ಮೆಲ್ಲಗೆ, ಮರ್ಯಾದೆಯಿಂದಲೇ ಕೇಳಿ, ಆದರೆ ಕೇಳಿ.

ಮೂರನೇದು, ಬರ್ತಿದ್ದ ಪಿಂಚಣಿ ಇದ್ದಕ್ಕಿದ್ದ ಹಾಗೆ ನಿಂತರೆ "ಉಳಿತಾಯ ಜಾಸ್ತಿ ಆಯ್ತೇನೋ" ಅಂತ ತಾವೇ ತೀರ್ಮಾನ ಮಾಡ್ಕೊಂಡು ಸುಮ್ಮನಾಗೋ ಹಿರಿಯರೇ ಹೆಚ್ಚು. ಎಷ್ಟೋ ಸಲ ಅದಕ್ಕೂ ಅರ್ಹತೆಗೂ ಸಂಬಂಧ ಇರಲ್ಲ. ಆಧಾರ್ ಜೋಡಣೆ ಬೇರೆ ಖಾತೆಗೆ ಹೋಗಿರುತ್ತೆ, ದುಡ್ಡು ಅಲ್ಲಿ ಬೀಳ್ತಿರುತ್ತೆ. ಇಲ್ಲವೇ ಖಾತೆ ಬಳಸದೆ ನಿಷ್ಕ್ರಿಯ ಆಗಿರುತ್ತೆ. ಮೊದಲು ಬ್ಯಾಂಕಿಗೆ ಹೋಗಿ, ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಅಂತ ಕೇಳಿ, ಅದರ ಪಾಸ್‌ಬುಕ್ ಪ್ರಿಂಟ್ ಹಾಕಿಸಿ. ಅಲ್ಲಿ ಎಲ್ಲ ಸರಿ ಇದ್ದೂ ದುಡ್ಡು ಬಂದಿಲ್ಲ ಅಂದ್ರೆ ನಾಡಕಚೇರಿಗೆ. ಅಲ್ಲಿ "ರದ್ದಾಗಿದೆ" ಅಂದರೆ ಬಾಯಿ ಮಾತಿಗೆ ವಾಪಸ್ ಬರಬೇಡಿ. ಹಿಂಬರಹ ಕೊಡಿ ಅಂತ ಕೇಳಿ. ಹಿಂಬರಹ ಅಂದ್ರೆ ಯಾವ ಕಾರಣಕ್ಕೆ ರದ್ದು ಅಂತ ಬರೆದು ಸಹಿ ಹಾಕಿದ ಕಾಗದ. ಆದಾಯ ಅಂತಾರೋ, ಠೇವಣಿ ಅಂತಾರೋ, ಬೇರೆ ಪಿಂಚಣಿ ಅಂತಾರೋ, ಅದು ಬರವಣಿಗೆಯಲ್ಲಿ ಬಂದ ಮೇಲಷ್ಟೇ ನೀವು ಪಿಂಚಣಿ ಅದಾಲತ್ತಿನಲ್ಲೋ ತಹಶೀಲ್ದಾರರ ಮುಂದೋ ಅದಕ್ಕೆ ಉತ್ತರ ಕೊಡೋಕಾಗೋದು. ಕಾರಣವೇ ಗೊತ್ತಿಲ್ಲದೆ ಅಲೆದರೆ ಬಸ್ಸಿನ ದುಡ್ಡು ದಂಡ. (ಶಕ್ತಿ ಯೋಜನೆ ಇರೋದರಿಂದ ಅಜ್ಜಿಗೆ ಪರವಾಗಿಲ್ಲ, ಅಜ್ಜನಿಗೆ ದಂಡ!)

ಇಪಿಎಸ್ ಪಿಂಚಣಿ ಸಾವಿರವೋ ಸಾವಿರದ ನೂರೋ ಬರ್ತಿದ್ದು ಸಂಧ್ಯಾ ಸುರಕ್ಷಾ ನಿರಾಕರಿಸಿದ ಹಿಂಬರಹ ನಿಮ್ಮ ಮನೆಯಲ್ಲಿ ಇದ್ದರೆ, ಹೆಸರು ಮತ್ತು ನಂಬರುಗಳನ್ನ ಮುಚ್ಚಿ ಅದರ ಫೋಟೋ ನನಗೆ ಮೆಸೇಜ್ ಮಾಡಿ. ನಿಮ್ಮ ತಾಲೂಕಿನ ಹೆಸರೂ ಬರೀರಿ. ಒಂದೈವತ್ತು ಕಾಗದ ಸೇರಿದರೆ ಅದನ್ನ ನಮ್ಮ ಶಾಸಕರ ಮೇಜಿನ ಮೇಲೆ ಇಡೋ ಕೆಲಸ ನನ್ನದು.

#ಸಂಧ್ಯಾಸುರಕ್ಷಾ #ಪಿಂಚಣಿ #ಹಿಂಬರಹಕೇಳಿ #ಅಜ್ಜಿಯಪಾಸ್‌ಬುಕ್